ರೆಫರಲ್ ಕ್ಯಾಪ್ಷನ್: ಯಾರಿಗೆ, ಯಾವಾಗ ಕ್ರೆಡಿಟ್ ಅಂತ ಹೇಗೆ ಬರೆಯೋದು?

ಪ್ರಶ್ನೆ: ದಿನಸಿ ಆ್ಯಪ್ ಒಂದರ ರೆಫರಲ್ ಸ್ಕೀಮಿಗೆ ಕ್ಯಾಪ್ಷನ್ ಬೇಕು. ನಾನು ಬರೆದದ್ದು: ‘ಫ್ರೆಂಡ್ಸನ್ನು ಕರೆತನ್ನಿ, ಇಬ್ಬರೂ 100 ಕ್ರೆಡಿಟ್ ಗಳಿಸಿ! ಷರತ್ತುಗಳು ಅನ್ವಯ.’ ‘ಕ್ರೆಡಿಟ್ ಬಂದಿಲ್ಲ’ ಅಂತ ಕಸ್ಟಮರ್ ಕೇರ್‌ಗೆ ಫೋನ್ ಮೇಲೆ ಫೋನ್. ಸ್ಕೀಮ್ ಇಷ್ಟೇ: ಹೊಸಬರ ಮೊದಲ ಆರ್ಡರ್ ಕನಿಷ್ಠ 500 ಇದ್ದರೆ ಬಿಲ್ಲಿನಲ್ಲೇ 100 ಕಡಿತ. ಅದು ಡೆಲಿವರಿ ಆದ ಮೇಲೆ ಕರೆದವರಿಗೆ 100 ಕ್ರೆಡಿಟ್, 30 ದಿನದೊಳಗೆ ಬಳಸಬೇಕು. ಸರಳವಾಗಿ ಹೇಗೆ ಹೇಳಲಿ?

ಸೋಷಿಯಲ್ ಮೀಡಿಯಾ ನೋಡಿಕೊಳ್ಳುವವರು: ಇನ್ನೂ ಚಿಕ್ಕದು ಮಾಡಿ. ಫೀಡಿನಲ್ಲಿ ಮೊದಲ ಒಂದೆರಡು ಸಾಲು ಮಾತ್ರ ಕಾಣುತ್ತದೆ, ಉಳಿದದ್ದನ್ನು ಯಾರೂ ಒತ್ತಿ ಓದಲ್ಲ. ‘ಇಬ್ಬರಿಗೂ 100’ ಅಂತ ಹಾಕಿ, ಮಿಕ್ಕಿದ್ದು ಷರತ್ತುಗಳ ಪುಟದಲ್ಲಿ ಇರಲಿ.

ಆ್ಯಪ್‌ಗಳಿಗೆ ಬರೆಯುವವರು: ಮೊದಲ ಸಾಲಿನ ಮಾತು ನಿಜ. ಆದರೆ ಆ ಸಾಲಿನಲ್ಲೇ ‘ಯಾವಾಗ’ ಅನ್ನುವುದು ಇರಬೇಕು, ಚಿಕ್ಕದು ಮಾಡುವ ಭರದಲ್ಲಿ ಅದನ್ನೇ ಕಿತ್ತುಹಾಕಿದರೆ ಫೋನ್ ನಿಲ್ಲಲ್ಲ.

ನಿಮ್ಮ ಸ್ಕೀಮಿನಲ್ಲಿ ಇಬ್ಬರಿಗೆ ಸಿಗುವುದು ಒಂದೇ ಅಲ್ಲ. ಹೊಸಬರಿಗೆ ಬಿಲ್ ಕಟ್ಟುವಾಗಲೇ 100 ಕಡಿಮೆ. ಕರೆದವರಿಗೆ ಆಮೇಲೆ, ಮುಂದಿನ ಖರೀದಿಗೆ. ‘ಇಬ್ಬರೂ ಗಳಿಸಿ’ ಅಂತ ಓದಿದವರು ಲಿಂಕ್ ಕಳಿಸಿದ ತಕ್ಷಣ ವಾಲೆಟ್ ತೆರೆದು ನೋಡುತ್ತಾರೆ. ಅಲ್ಲಿ ಸೊನ್ನೆ. ಆಗಲೇ ಅಲ್ವಾ ಫೋನ್ ಬರೋದು?

ಡೆಲಿವರಿವರೆಗೆ ಕಾಯಿಸುವುದಕ್ಕೆ ಕಾರಣ ಇದೆ. ಆರ್ಡರ್ ಹಾಕಿದ ಕೂಡಲೇ ಕೊಟ್ಟರೆ, ಹಾಕಿ ಕ್ಯಾನ್ಸಲ್ ಮಾಡಿ ಕ್ರೆಡಿಟ್ ಉಳಿಸಿಕೊಳ್ಳುವವರು ಇರುತ್ತಾರೆ. ಈ ಕಾರಣ ಕ್ಯಾಪ್ಷನ್‌ನಲ್ಲಿ ಬೇಡ, ‘ಡೆಲಿವರಿ ಆದ ಮೇಲೆ’ ಅಂದರೆ ಸಾಕು.

ಒಬ್ಬ ಗ್ರಾಹಕರು: ನನ್ನದೂ ಸ್ವಲ್ಪ ನೋಡಿ. ಒಂದು ಆ್ಯಪಿನಲ್ಲಿ ನನ್ನ ತಂಗಿಗೆ ಲಿಂಕ್ ಕಳಿಸಿದ್ದೆ. ಅವಳು ಅದನ್ನು ಒತ್ತದೆ ಸ್ಟೋರಿನಲ್ಲಿ ಹುಡುಕಿ ಆ್ಯಪ್ ಹಾಕಿಕೊಂಡಳು, ಆರ್ಡರೂ ಮಾಡಿದಳು. ನನಗೂ ಇಲ್ಲ, ಅವಳಿಗೂ ಇಲ್ಲ. ಈಗ ಕೋಡ್ ಹಾಕಿದರೆ ಬರುತ್ತಾ?

ಆ್ಯಪ್‌ಗಳಿಗೆ ಬರೆಯುವವರು: ಸಾಮಾನ್ಯವಾಗಿ ಬರಲ್ಲ, ಮೊದಲ ಆರ್ಡರ್ ಮುಗಿದುಹೋಗಿದೆ. ಕಸ್ಟಮರ್ ಕೇರ್‌ಗೆ ಕೇಳಿ ನೋಡಿ, ಕೊಡುವುದು ಬಿಡುವುದು ಅವರಿಗೆ ಬಿಟ್ಟದ್ದು. ಲಿಂಕ್ ಒತ್ತಿ ಬಂದರೆ ಯಾರು ಕಳಿಸಿದ್ದು ಅಂತ ಆ್ಯಪಿಗೆ ಗೊತ್ತಾಗುತ್ತದೆ. ಸ್ಟೋರಿನಿಂದ ನೇರ ಬಂದರೆ ಗೊತ್ತಾಗಲ್ಲ, ಆಗ ಕೋಡ್ ಒಂದೇ ದಾರಿ. ಅದನ್ನೂ ದುಡ್ಡು ಕಟ್ಟುವ ಮೊದಲೇ ಹಾಕಿರಬೇಕು.

ಪ್ರಶ್ನೆ ಕೇಳಿದವರೇ, ಇದನ್ನು ಷರತ್ತುಗಳ ಪುಟದಲ್ಲಿ ಬಚ್ಚಿಡಬೇಡಿ. ನಾನಾದರೆ ಹೀಗೆ ಬರೆಯುತ್ತೇನೆ:

> ಫ್ರೆಂಡಿಗೆ ಮೊದಲ ಆರ್ಡರಿನಲ್ಲೇ 100 ಕಡಿಮೆ. ಅದು ಡೆಲಿವರಿ ಆದ ಮೇಲೆ ನಿಮಗೆ 100 ಕ್ರೆಡಿಟ್.
> ಆ್ಯಪಿನಲ್ಲಿರುವ ನಿಮ್ಮ ಕೋಡ್ ಕಳಿಸಿ. ದುಡ್ಡು ಕಟ್ಟುವ ಮೊದಲು ಅವರು ಅದನ್ನು ಹಾಕಲಿ.
> ಅವರ ಮೊದಲ ಆರ್ಡರ್ ಕನಿಷ್ಠ 500 ಇರಬೇಕು. ನಿಮ್ಮ ಕ್ರೆಡಿಟ್ ಬಂದ 30 ದಿನದೊಳಗೆ ಬಳಸಿ.

ಫ್ರೆಂಡಿನ ಲಾಭವನ್ನು ಮುಂದಿಟ್ಟದ್ದು ಬೇಕೆಂದೇ. ‘ನನಗೆ ದುಡ್ಡು ಬರುತ್ತೆ, ನೀನು ಸೇರು’ ಅಂತ ಕೇಳಲು ಜನಕ್ಕೆ ಮುಜುಗರ. ‘ನಿನಗೆ 100 ಕಡಿಮೆ ಆಗುತ್ತೆ’ ಅನ್ನಲು ಇಲ್ಲ.

ಸೋಷಿಯಲ್ ಮೀಡಿಯಾ ನೋಡಿಕೊಳ್ಳುವವರು: ‘100 ಕ್ಯಾಶ್’ ಅಂದರೆ ಇನ್ನೂ ಜೋರಾಗಿರುತ್ತಲ್ಲ?

ಆ್ಯಪ್‌ಗಳಿಗೆ ಬರೆಯುವವರು: ಜೋರಾಗಿರುತ್ತದೆ, ಸುಳ್ಳೂ ಆಗಿರುತ್ತದೆ. ಬ್ಯಾಂಕ್ ಖಾತೆಗೆ ಹೋಗದ ದುಡ್ಡನ್ನು ಕ್ಯಾಶ್ ಅನ್ನಬೇಡಿ. ಜಾಗ ಇದ್ದರೆ ಕೊನೆಗೆ ‘ಕ್ರೆಡಿಟ್ ಈ ಆ್ಯಪಿನ ಬಿಲ್ಲಿಗೆ ಮಾತ್ರ’ ಅಂತ ಸೇರಿಸಿ.

ಪ್ರಶ್ನೆ ಕೇಳಿದವರು: ಇದನ್ನೇ ಹಾಕುತ್ತೇನೆ, ಥ್ಯಾಂಕ್ಸ್. ಒಂದು ಅನುಮಾನ: ಸಾಮಾನು 480, ಡೆಲಿವರಿ ಚಾರ್ಜ್ 30 ಇದ್ದರೆ 500 ದಾಟಿದ ಹಾಗಾ?

ಒಬ್ಬ ಗ್ರಾಹಕರು: ಕಟ್ಟುವುದು ಒಟ್ಟು 510 ಅಲ್ವಾ, ದಾಟಿದ ಹಾಗೇ ತಾನೇ?

ಸೋಷಿಯಲ್ ಮೀಡಿಯಾ ನೋಡಿಕೊಳ್ಳುವವರು: ಇಲ್ಲ, ಸಾಮಾನಿನ ಬೆಲೆ ಮಾತ್ರ ಲೆಕ್ಕ.

ಆ್ಯಪ್‌ಗಳಿಗೆ ಬರೆಯುವವರು: ಎಷ್ಟೋ ಕಡೆ ಸಾಮಾನಿನ ಬೆಲೆಯೇ ಲೆಕ್ಕ. ನಿಮ್ಮಲ್ಲಿ ಹೇಗೆ ಅಂತ ಸ್ಕೀಮ್ ಮಾಡಿದವರನ್ನೇ ಕೇಳಬೇಕು. ಜೊತೆಗೆ ಇನ್ನೊಂದು ಕೇಳಿ: 520ರ ಆರ್ಡರಿನಲ್ಲಿ 60ರ ಸಾಮಾನು ಸ್ಟಾಕ್ ಇಲ್ಲ ಅಂತ ಆ್ಯಪಿನವರೇ ತೆಗೆದರೆ ಬಿಲ್ 460ಕ್ಕೆ ಇಳಿಯುತ್ತದೆ. ಆಗ ಕರೆದವರಿಗೆ ಕ್ರೆಡಿಟ್ ಉಂಟೋ ಇಲ್ಲವೋ? ದಿನಸಿ ಆ್ಯಪಿನಲ್ಲಿ ಇದು ಆಗುತ್ತಲೇ ಇರುತ್ತದೆ. ಅವರ ಉತ್ತರ ಬಂದ ಮೇಲೆ ಮೂರನೇ ಸಾಲು ತಿದ್ದೋಣ.

ಪ್ರಶ್ನೆ ಕೇಳಿದವರು: ಈಗ ಕೇಳಿದೆ. ಅವರಲ್ಲೇ ಇಬ್ಬರು ಎರಡು ಥರ ಹೇಳುತ್ತಿದ್ದಾರೆ. ಬರಹದಲ್ಲಿ ಕೊಡಿ ಅಂದಿದ್ದೇನೆ, ಅಲ್ಲಿವರೆಗೂ ಪೋಸ್ಟ್ ತಡೆಹಿಡಿದಿದ್ದೇನೆ.