ಪೈಲಟ್ ಸ್ಕ್ರಿಪ್ಟ್: ರನ್ನಿಂಗ್ ಗ್ಯಾಗ್ ಮೂರನೇ ಸಲಕ್ಕೇ ಸಾಯ್ತಿದೆ, ಯಾಕೆ?

ಬೇಲೂರು_ಬರಹ
ಕಾಫಿ ಎಸ್ಟೇಟ್ ಕಾಮಿಡಿ, ಮೊದಲ ಎಪಿಸೋಡು. ಯಾರು ದುಡ್ಡು ಕೇಳಿದ್ರೂ ಸಾವ್ಕಾರ್ರು "ಹೂಮಳೆ ಬೀಳ್ಲಿ, ನೋಡಣ" ಅಂತಾರೆ. ಹೂಮಳೆ ಅಂದ್ರೆ ಕಾಫಿ ಹೂ ಬಿಡಿಸೋ ಬೇಸಿಗೆ ಮಳೆ. ರೀಡಿಂಗ್‌ನಲ್ಲಿ ಮೊದಲ್ನೇದಕ್ಕೆ ನಗು, ಎರಡನೇದಕ್ಕೆ ಅಷ್ಟಕ್ಕಷ್ಟೆ, ಆಮೇಲೆ ಯಾರೂ ತುಟಿ ಬಿಚ್ಚಲಿಲ್ಲ. ಕೊನೆಗೆ ಅದೇ ಜೋಕಿಗೆ ಮರಳೋ ಕಾಲ್‌ಬ್ಯಾಕೂ ಬಿದ್ದುಹೋಯ್ತು. ಡೈಲಾಗ್ ಚೆನ್ನಾಗೇ ಇದೆ, ಅದನ್ನ ಬದಲಾಯಿಸಿ ಅನ್ಬೇಡಿ.

ಸಂತೇಪೇಟೆ_ಹಾಸ್ಯ
ಮೂರಕ್ಕಿಂತ ಹೆಚ್ಚು ಸಲ ಇದ್ರೆ ಕಿತ್ತಾಕಿ. ಹಾಸ್ಯದ ಲೆಕ್ಕ ಮೂರಕ್ಕೇ ಮುಗೀತು.

ಬೇಲೂರು_ಬರಹ
ಮೂರನೇದೇ ಸಾಯ್ತಿದೆ ಅಂತ ತಾನೆ ಹೇಳಿದ್ದು ಸಾರ್?

ಸಂತೇಪೇಟೆ_ಹಾಸ್ಯ
ಹಾಗಾದ್ರೆ ಓದಿದವರ ಟೈಮಿಂಗ್. "ಬೀಳ್ಲಿ" ಆದ್ಮೇಲೆ ಒಂದು ಉಸಿರು ಬಿಡಬೇಕು.

ಕಳಸದ_ಕಡೆ
ಟೈಮಿಂಗ್ ಪಕ್ಕಕ್ಕಿಡಿ. ಒಟ್ಟು ಎಷ್ಟು ಪುಟ, ಸಾಲು ಯಾವ್ಯಾವ ಪುಟದಲ್ಲಿ ಬರುತ್ತೆ, ಕೇಳೋರು ಯಾರು, ಕೇಳಿದ ಮೇಲೆ ಏನಾಗುತ್ತೆ? ಇದಿಲ್ಲದೆ ಏನು ಹೇಳೋದು ಮಾರಾಯ್ರೇ.

ಬೇಲೂರು_ಬರಹ
28 ಪುಟ. ಸಾಲು 3, 5, 6, 8ರಲ್ಲಿ, ಕಾಲ್‌ಬ್ಯಾಕ್ 27ರಲ್ಲಿ. ಕೇಳೋರು ಟ್ರ್ಯಾಕ್ಟರ್ ಡ್ರೈವರ್, ಪಂಪ್ ಮೆಕ್ಯಾನಿಕ್, ಅಂಗಡಿಯವ, ಜಾತ್ರೆ ಚಂದಾದವರು. ಕೇಳ್ತಾರೆ, ಹೋಗ್ತಾರೆ. 27ರಲ್ಲಿ ಮಳೆ ಬಂದೇಬಿಡುತ್ತೆ.

ನುಡಿ_ವೀರ
28 ಪುಟ ಯಾವ ಫಾಂಟ್‌ನಲ್ಲಿ? ನುಡಿ ಹಳೇ ಎನ್ಕೋಡಿಂಗ್ ಆದ್ರೆ ಯೂನಿಕೋಡಿಗೆ ತಂದಾಗ ಪುಟದ ಲೆಕ್ಕವೇ ಬದಲಾಗುತ್ತೆ. ನಂದು ಎರಡು ಮಾನಿಟರ್, ಎಡಗಡೆ ಸೀನ್ ಕಾರ್ಡು, ಬಲಗಡೆ ಸ್ಕ್ರಿಪ್ಟು, ಮೆಕ್ಯಾನಿಕಲ್ ಕೀಬೋರ್ಡು.

ಸಂತೇಪೇಟೆ_ಹಾಸ್ಯ
ಕೀಬೋರ್ಡ್ ಟಕಟಕಕ್ಕೆ ಜೋಕ್ ಹುಟ್ಟುತ್ತಾ ಅಣ್ಣಾ?

ಕಳಸದ_ಕಡೆ
ತೊಂದರೆ ಎರಡಿವೆ. ನಾಲ್ಕೂ ಸಲ ಆಕಾರ ಒಂದೇ: ಬಂದ್ರು, ಕೇಳಿದ್ರು, ಸಾಲು ಬಿತ್ತು, ಹೋದ್ರು. ಅಂಗಡಿಯವ ಗೇಟು ತಳ್ಳುವ ಹೊತ್ತಿಗೇ ಉತ್ತರ ನೋಡುವವರ ಬಾಯಲ್ಲಿದೆ. ಪರೀಕ್ಷೆ ಸುಲಭ. ಆ ಸಾಲನ್ನು ಕೈಯಲ್ಲಿ ಮುಚ್ಚಿ ಓದಿಸಿ. ಓದುವವರು ತಾವಾಗೇ ಹೇಳಿಬಿಟ್ರೆ ಅಲ್ಲಿ ಸಾಲು ಬರೆಯಬಾರದು, ಅದನ್ನು ಮುರಿಯಬೇಕು.

3ನೇ ಪುಟ ಹಾಗೇ ಇರಲಿ, ಆದ್ರೆ ಜೋಕಿನ ಹಾಗೆ ಕಾಣಬಾರದು. ಡ್ರೈವರ್ ಅಡ್ವಾನ್ಸ್ ಕೇಳಿದ, ತೋಟ ಒಣಗಿದೆ, ಸಾವ್ಕಾರ್ರ ಹತ್ರ ನಿಜವಾಗ್ಲೂ ಕಾಸಿಲ್ಲ. ನೋಡುವವರಿಗೆ ಅದು ಬರೀ ಸುದ್ದಿ. ಎರಡನೇದನ್ನ 7ಕ್ಕೆ ತಳ್ಳಿ, ಪೆಟ್ಟು ಕೊಡಿ: ಸಾಲು ಕೇಳಿದ ಮೆಕ್ಯಾನಿಕ್ ಏನೂ ಮಾತಾಡದೆ ಪಂಪಿಗೆ ನೀರೆಳೆಯೋ ಪೈಪಿನ ತುದಿಯ ಫುಟ್‌ವಾಲ್ವ್ ಬಿಚ್ಚಿ ಜೇಬಿಗೆ ಹಾಕ್ಕೊಂಡು ಹೋಗ್ತಾನೆ. ಈಗ ಆ ಮಾತಿಗೆ ಬೆಲೆ ತೆತ್ತ ಹಾಗಾಯ್ತು, ಮನೆಗೆ ನೀರಿಲ್ಲ. ಅಂಗಡಿಯವನ ಸೀನ್ ಪೂರ್ತಿ ತೆಗೀರಿ. 11ರಲ್ಲಿ ಚಂದಾದವರು ಬಂದಾಗ ಸಾವ್ಕಾರ್ರು ಬಾಯಿ ಬಿಡೋದೇ ಬೇಡ, ಆಕಾಶ ನೋಡಿದ್ರೆ ಸಾಕು. ಮಾತನ್ನ ನೋಡುವವರೇ ತುಂಬಿಕೊಳ್ತಾರೆ.

ಎರಡನೇ ತೊಂದರೆ, 8ರಿಂದ 27ರವರೆಗೆ ಖಾಲಿ. ಪುಟಕ್ಕೆ ಸುಮಾರು ಒಂದು ನಿಮಿಷ ಅಂದ್ರೂ ಅಷ್ಟು ಹೊತ್ತು ಗ್ಯಾಗ್ ಸುದ್ದಿಯೇ ಇಲ್ಲ. ಕಾಲ್‌ಬ್ಯಾಕಿಗೆ ದೂರ ಬೇಕು ನಿಜ, ಪೂರ್ತಿ ಮರೆತುಹೋಗುವಷ್ಟಲ್ಲ. 18ರ ಹತ್ತಿರ ಸಾಲು ಬೇರೆಯವರ ಬಾಯಿಗೆ ಹೋಗಲಿ. ಸಾವ್ಕಾರ್ರು ಕಾಫಿ ಕೇಳ್ತಾರೆ, ಹೆಂಡ್ತಿ ಒಲೆ ಕಡೆ ತಿರುಗದೇನೇ "ಹೂಮಳೆ ಬೀಳ್ಲಿ".

ತೋಟದ_ಮನೆ
ರೋಬಸ್ಟಾ ತೋಟದವರು ಹೂಮಳೆಗೆ ಕಾಯ್ತಾ ಕೂರಲ್ಲ. ಮಳೆ ತಡವಾದ್ರೆ ಸ್ಪ್ರಿಂಕ್ಲರ್ ಹಾಕಿ ಹೂ ಬಿಡಿಸ್ತಾರೆ. ಕೆರೆಯಲ್ಲಿ ನೀರಿದ್ರೆ ಸಾವ್ಕಾರ್ರಿಗೆ ಡೀಸೆಲ್ ಪಂಪ್ ತಗೊಳ್ಳಕ್ಕೆ ಹೇಳಿ.

ಬೇಲೂರು_ಬರಹ
ಅಣ್ಣಾ, ಇದು ಸ್ಕ್ರಿಪ್ಟು.

ಕಳಸದ_ಕಡೆ
ನಗಬೇಡಿ, ನಿಮ್ಮ ಕಥೆಯ ಕೊನೆ ಅಲ್ಲೇ ಇದೆ. ನಿಜವಾದ ಮಳೆ ಬಂದ್ರೆ ಸಾವ್ಕಾರ್ರ ನೆಪ ಮೊದಲ ಎಪಿಸೋಡಲ್ಲೇ ಮುಗೀತು, ಎರಡನೇದಕ್ಕೆ ಏನು ಹೇಳಿಸ್ತೀರಿ? ಬದಲಿಗೆ ದುಡ್ಡು ಕೇಳಿದವರೆಲ್ಲ ಸೇರಿ ಸ್ಪ್ರಿಂಕ್ಲರ್ ತಂದು ಮಾಡಿನ ಮೇಲೆ ನೀರು ಹಾರಿಸ್ತಾರೆ. ಮೆಕ್ಯಾನಿಕ್ ಅದೇ ಫುಟ್‌ವಾಲ್ವ್ ಹಾಕಿರ್ತಾನೆ. ಒಳಗಿಂದ ಸಾವ್ಕಾರ್ರಿಗೆ ಹೆಂಚಿನ ಮೇಲೆ ಮಳೆ ಸದ್ದು, ಅಂಗಳಕ್ಕೆ ಓಡಿ ಬಂದ್ರೆ ಎಲ್ಲರೂ ಕೈ ಚಾಚಿ ನಿಂತಿದಾರೆ. ಕಥೆಯೂ ತಿರುಗ್ತು, ನೆಪವೂ ಉಳೀತು.

ಸಂತೇಪೇಟೆ_ಹಾಸ್ಯ
ಒಪ್ಪಲ್ಲ. ನಿಜವಾದ ಮಳೆಯೇ ದೊಡ್ಡ ನಗು. ಪೈಲಟ್‌ನಲ್ಲಿ ಪಟಾಕಿ ಉಳಿಸ್ಕೊಂಡು ಯಾರಿಗೆ? ಎರಡನೇ ಎಪಿಸೋಡಿಗೆ "ಫಸಲು ಬರ್ಲಿ" ಅಂದ್ರಾಯ್ತು.

ಕಳಸದ_ಕಡೆ
ಅದೂ ನಡೆಯುತ್ತೆ, ಆದ್ರೆ ಹೊಸ ಸಾಲನ್ನ ಮತ್ತೆ ಮೊದಲಿಂದ ನೆಡಬೇಕು.

ಬೇಲೂರು_ಬರಹ
18ರ ಹೆಂಡ್ತಿ ಸಾಲು ಹಾಕಿದೆ, ಚೆನ್ನಾಗಿದೆ. ಆದ್ರೆ ನನ್ನ ಸ್ಕ್ರಿಪ್ಟಲ್ಲಿ ಸಾವ್ಕಾರ್ರಿಗೆ ಮದುವೆಯಾಗಿಲ್ಲ, ಅಡುಗೆ ಭಟ್ಟರ ಕೈಲಿ ಹೇಳಿಸಬಹುದಾ?

ನುಡಿ_ವೀರ
ಫಾಂಟ್ ಯಾವ್ದು ಅಂತ ಇನ್ನೂ ಹೇಳಿಲ್ಲ.