ನೀರಿನ ಬಾಟಲಿಯಲ್ಲಿ ಬಂದಿರುವುದು ಬೇರೋ, ಕೊಳೆಯೋ?

ಬಾಲ್ಕನಿ ಹಸಿರು (ಪ್ರಶ್ನೆ): ಎರಡು ಬಾಟಲಿಯ ಫೋಟೊ ಹಾಕಿದ್ದೇನೆ. ಒಂದರಲ್ಲಿ ಮನಿ ಪ್ಲಾಂಟ್, ನೀರಿಗೆ ಹಾಕಿ 12 ದಿನ. ಇನ್ನೊಂದರಲ್ಲಿ ಮೂರು ಗುಲಾಬಿ ಕಡ್ಡಿ, 9 ದಿನ. ಎರಡರಲ್ಲೂ ಬಿಳಿ ಬಿಳಿ ಏನೋ ಕಾಣುತ್ತಿದೆ, ಕೆಳಗೆ ಕಂದು ಬಣ್ಣವೂ ಇದೆ. ಮುಟ್ಟಿದರೆ ಲೋಳೆ. ಇದು ಬೇರಾ, ಕೊಳೆತಿರೋದಾ? ಅನುಭವ ಇದ್ದವರು ಹೇಳಿ.

ಮಹಡಿ ತೋಟ: ಕಂದು ಬಂತು ಅಂದ್ರೆ ಕೊಳೆತಿದೆ ಅಂತಲೇ ಅರ್ಥ. ಬೇರು ಯಾವತ್ತೂ ಬೆಳ್ಳಗಿರಬೇಕು. ಎರಡನ್ನೂ ಎಸೆದು ಹೊಸದಾಗಿ ಶುರು ಮಾಡಿ. ನೀರು ದಿನಾ ಬದಲಿಸಿ. ನಾನು ಹಾಗೇ ಮಾಡೋದು.

ನರ್ಸರಿ ಕೈ: ಎಸೆಯೋಕೆ ಅವಸರ ಬೇಡ ಅಕ್ಕ. ನಾನು ನರ್ಸರಿಯಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದವನು. ಬರೀ ಬಣ್ಣ ನೋಡಿ ಹೇಳಿದರೆ ಅರ್ಧ ಸಲ ತಪ್ಪಾಗುತ್ತದೆ. ಮನಿ ಪ್ಲಾಂಟಿನ ಗೆಣ್ಣಿನಲ್ಲಿ ಮೊದಲೇ ಒಂದು ಕಂದು ಮೊಟಕು ಇರುತ್ತದಲ್ವಾ, ಮರ ಹತ್ತುವಾಗ ಹಿಡಿದುಕೊಳ್ಳುವ ಗಾಳಿ ಬೇರು? ಅದು ಹುಟ್ಟಿನಿಂದಲೇ ಕಂದು. ಹೊಸ ಬೇರು ಹೆಚ್ಚಾಗಿ ಅದರ ಹತ್ತಿರದಿಂದಲೇ ಬರೋದು.

ನಿಮ್ಮ ಫೋಟೊದಲ್ಲಿ ಇನ್ನೊಂದು ತೊಂದರೆ ಇದೆ. ಗಾಜಿನ ಹೊರಗಿಂದ ತೆಗೆದಿದ್ದೀರಿ, ಅದೂ ಫ್ಲ್ಯಾಶ್ ಹಾಕಿ. ದುಂಡು ಬಾಟಲಿಯ ನೀರು ಎಲ್ಲವನ್ನೂ ದಪ್ಪ ಮಾಡಿ ತೋರಿಸುತ್ತದೆ. ಗುಲಾಬಿ ಕಡ್ಡಿ ಮೇಲೆ ಬೆಳ್ಳಗೆ ಕಾಣೋದು ನನಗೆ ಗಾಳಿಗುಳ್ಳೆ ಅನ್ನಿಸುತ್ತಿದೆ. ಬಾಟಲಿಯನ್ನು ಒಂದು ಸಲ ಅಲ್ಲಾಡಿಸಿ. ಹೋದರೆ ಗುಳ್ಳೆ.

ಆಮೇಲೆ ಕಡ್ಡಿಗಳನ್ನು ಹೊರಗೆ ತೆಗೆದು, ನಲ್ಲಿ ಕೆಳಗೆ ಮೆಲ್ಲಗೆ ತೊಳೆಯಿರಿ. ಬಿಳಿ ಹಾಳೆ ಮೇಲೆ ಇಟ್ಟು, ಕಿಟಕಿ ಬೆಳಕಲ್ಲಿ, ಫ್ಲ್ಯಾಶ್ ಇಲ್ಲದೆ ಹತ್ತಿರದಿಂದ ಫೋಟೊ ತೆಗೆಯಿರಿ. ಸ್ಟೀಲ್ ತಟ್ಟೆ ಬೇಡ, ಹೊಳೆಯುತ್ತದೆ.

ಸಂಜೆ ಮಲ್ಲಿಗೆ: ನನ್ನ ಗುಲಾಬಿಗೂ ಇದೇ ಕಪ್ಪು ಬಂದಿದೆ! ಎಲೆ ಮೇಲೆ ದುಂಡಗೆ ಕಪ್ಪು ಚುಕ್ಕೆ, ಸುತ್ತ ಹಳದಿ. ಕುಂಡದಲ್ಲಿದೆ, ಎರಡು ವರ್ಷದ ಗಿಡ. ಇದನ್ನೂ ನೀರಿಗೆ ಹಾಕಿದರೆ ಸರಿ ಹೋಗುತ್ತಾ?

ನರ್ಸರಿ ಕೈ: ಅಯ್ಯೋ, ಅದು ಬೇರೆ ಕಾಯಿಲೆ ಅಕ್ಕ, ಎಲೆಯದು. ಸದ್ಯಕ್ಕೆ ಚುಕ್ಕೆ ಬಂದ ಎಲೆ ಕಿತ್ತು ಗಿಡದಿಂದ ದೂರ ಹಾಕಿ, ನೀರು ಎಲೆ ಮೇಲೆ ಬೀಳದ ಹಾಗೆ ಬುಡಕ್ಕೆ ಹಾಕಿ. ಉಳಿದದ್ದು ಬೇರೆಯಾಗಿ ಕೇಳಿ, ಇಲ್ಲಿ ಕಲಸುಮೇಲೋಗರ ಆಗುತ್ತದೆ.

ಬಾಲ್ಕನಿ ಹಸಿರು: ಸರ್, ನೀವು ಹೇಳಿದ್ದು ನಿಜ. ಅಲ್ಲಾಡಿಸಿದ ಕೂಡಲೇ ಗುಲಾಬಿಯ ಬಿಳಿ ಎಲ್ಲ ಮಾಯ! ಬೇಜಾರಾಯ್ತು. ಮನಿ ಪ್ಲಾಂಟಿನದು ಹೋಗಲಿಲ್ಲ. ಹೊಸ ಫೋಟೊ ಹಾಕಿದ್ದೇನೆ.

ನರ್ಸರಿ ಕೈ: ಈಗ ಚೆನ್ನಾಗಿ ಕಾಣುತ್ತಿದೆ. ಮೊದಲು ಮನಿ ಪ್ಲಾಂಟ್. ಗೆಣ್ಣಿನ ಕಂದು ಮೊಟಕಿನ ಪಕ್ಕದಿಂದ ಎರಡು ಎಳೆ ಹೊರಟಿವೆ ನೋಡಿ, ಹಾಲಿನ ಬಿಳಿ, ತುದಿ ಮಾತ್ರ ಸ್ವಲ್ಪ ಕೆನೆ ಬಣ್ಣ. ನೀರಿಂದ ತೆಗೆದರೂ ಆಕಾರ ಬಿಡದೆ ನೆಟ್ಟಗಿವೆ. ಅದು ಬೇರು, ಅನುಮಾನವೇ ಇಲ್ಲ.

ಕೊಳೆತಿರೋದು ಗೆಣ್ಣಿನ ಕೆಳಗಿನ ಬಾಲ. ನೀವು ಗೆಣ್ಣಿಂದ ಎರಡು ಇಂಚು ಕೆಳಗೆ ಕತ್ತರಿಸಿದ್ದೀರಿ. ಆ ಬರೀ ಕಾಂಡದಿಂದ ಬೇರು ಬರೋದಿಲ್ಲ, ಸುಮ್ನೆ ನೀರಲ್ಲಿ ನೆನೆದು ಕೊಳೆಯುತ್ತದೆ. ಫೋಟೊದಲ್ಲಿ ಅದು ಎಣ್ಣೆ ಹೀರಿದ ಕಾಗದದ ಹಾಗೆ ಪಾರದರ್ಶಕವಾಗಿದೆ ನೋಡಿ. ಗೆಣ್ಣಿನ ಕೆಳಗೆ ಅರ್ಧ ಇಂಚು ಬಿಟ್ಟು ಕತ್ತರಿಸಿ. ಗೆಣ್ಣಿಗೆ ಅಂಟಿದ ಒಣ ಸಿಪ್ಪೆಯನ್ನೂ ಉಗುರಿಂದ ಬಿಡಿಸಿ. ಅದು ನೀರಲ್ಲಿ ಕರಗಿ ಲೋಳೆಯಾಗಿ, ಒಳ್ಳೇ ಗೆಣ್ಣೂ ಕೊಳೆತ ಹಾಗೆ ಕಾಣಿಸುತ್ತದೆ.

ಒಂದು ಮಾತು, ಲೋಳೆ ಅಂದ ಕೂಡಲೇ ಹೆದರಬೇಡಿ. ಎರಡು ಬೆರಳಲ್ಲಿ ಕಾಂಡ ಹಿಡಿದು ಮೆಲ್ಲಗೆ ಎಳೆಯಿರಿ. ಲೋಳೆ ಮಾತ್ರ ಬೆರಳಿಗೆ ಬಂದು ಕಾಂಡ ಗಟ್ಟಿಯಾಗಿದ್ದರೆ ತೊಳೆದು ನೀರು ಬದಲಿಸಿದರೆ ಸಾಕು. ಸಿಪ್ಪೆಯೇ ಜಾರಿ ಬಂದರೆ ಕೊಳೆ. ಬೇರಿಗೂ ಅಷ್ಟೇ: ಕೊಳೆತ ಬೇರನ್ನು ಎಳೆದರೆ ಮೇಲಿನ ಪದರ ಕಳಚಿ, ಒಳಗೆ ಕೂದಲಿನಂಥ ನಾರು ಮಾತ್ರ ಉಳಿಯುತ್ತದೆ. ಇದು ಫೋಟೊದಲ್ಲಿ ಗೊತ್ತಾಗೋದಿಲ್ಲ, ನಿಮ್ಮ ಬೆರಳೇ ಹೇಳಬೇಕು. ವಾಸನೆಯೂ ಅಷ್ಟೇ.

ಮಹಡಿ ತೋಟ: ನನ್ನ ಹಳೇ ಮನಿ ಪ್ಲಾಂಟಿನ ಬೇರು ಕಂದಾಗಿತ್ತು, ಗಟ್ಟಿಯಾಗಿತ್ತು, ಆದರೂ ಎಸೆದೆ. ತಪ್ಪಾಯ್ತಾ?

ನರ್ಸರಿ ಕೈ: ಗಟ್ಟಿ ಇತ್ತು, ವಾಸನೆ ಇರಲಿಲ್ಲ ಅಂದ್ರೆ ಒಳ್ಳೇ ಬೇರೇ ಇದ್ದಿರಬೇಕು. ತಿಂಗಳುಗಟ್ಟಲೆ ನೀರಲ್ಲಿದ್ದ ಬೇರಿಗೆ ಆ ಬಣ್ಣ ಬರುತ್ತದೆ. ಬಿಸಿಲಿಗಿಟ್ಟ ಬಾಟಲಿಯಲ್ಲಿ ಪಾಚಿ ಹಿಡಿದು ಹಸಿರೂ ಆಗುತ್ತದೆ.

ಹಿತ್ತಲು: ನಾನೊಂದು ಸಲ ಮೋಸ ಹೋಗಿದ್ದೆ. ಗುಲಾಬಿ ಕಡ್ಡಿಯ ಬುಡದಲ್ಲಿ ಬೆಳ್ಳಗೆ, ಸುತ್ತಲೂ ನಯವಾಗಿ ಬಂತು. ಬೇರು ಅಂತ ಅತ್ತೆಗೆಲ್ಲ ತೋರಿಸಿದೆ. ಮೂರನೇ ದಿನ ನೀರು ನಾರಿತು. ಆಮೇಲೆ ಗೊತ್ತಾಯ್ತು, ಅದು ಬೂಷ್ಟು. ನೀರಲ್ಲಿದ್ದಾಗ ಹತ್ತಿ ಬಿಚ್ಚಿದ ಹಾಗೆ ಎಲ್ಲಾ ಕಡೆ ತೇಲುತ್ತೆ, ಹೊರಗೆ ತೆಗೆದರೆ ಒದ್ದೆ ಬಟ್ಟೆ ಹಾಗೆ ಕಡ್ಡಿಗೆ ಅಂಟಿಕೊಳ್ಳುತ್ತೆ. ನೀರಿಗೆ ಚಿಟಿಕೆ ಅರಿಶಿನ ಹಾಕಿದರೆ ಬರೋಲ್ಲ ಅಂತಾರೆ. ನಾನು ಹಾಕುತ್ತೇನೆ.

ನರ್ಸರಿ ಕೈ: ಹತ್ತಿಯ ಗುರುತು ಸರಿಯಾಗಿ ಹೇಳಿದಿರಿ. ಅರಿಶಿನದ ಬಗ್ಗೆ ನನಗೆ ಅಷ್ಟು ನಂಬಿಕೆ ಇಲ್ಲ. ನೀರು ಹಳದಿಯಾಗಿ ಬಿಳಿ ಬೇರೂ ಹಳದಿ ಕಾಣುತ್ತೆ, ಆಮೇಲೆ ಫೋಟೊ ಹಾಕಿ ನಮ್ಮನ್ನೇ ಕೇಳ್ತೀರಿ!

ಹಿತ್ತಲು: ನನಗಂತೂ ಅದಾದ ಮೇಲೆ ಬೂಷ್ಟು ಬಂದಿಲ್ಲ, ನಾನು ಬಿಡೋಲ್ಲ.

ನರ್ಸರಿ ಕೈ: ಆಯ್ತು ಬಿಡಿ. ಈಗ ಗುಲಾಬಿ. ಮೂರರಲ್ಲಿ ಎರಡು ಕಡ್ಡಿಯ ಬುಡ ಒಂದು ಇಂಚು ಕಪ್ಪಾಗಿದೆ, ಒಂದರ ತೊಗಟೆ ಸುಲಿದು ಬಂದಿದೆ. ಕಪ್ಪಿನ ಮೇಲೆ ಅರ್ಧ ಇಂಚು ಬಿಟ್ಟು, ತೊಳೆದ ಬ್ಲೇಡಲ್ಲಿ ಕತ್ತರಿಸಿ ಒಳಗಿನ ತಿರುಳು ನೋಡಿ. ಬಿಳಿ, ಸುತ್ತ ಹಸಿರು ಉಂಗುರ ಇದ್ದರೆ ಜೀವ ಇದೆ. ನಡುವೆ ಟೀ ಬಣ್ಣ ಕಂಡರೆ ಇನ್ನಷ್ಟು ಮೇಲೆ ಕತ್ತರಿಸಿ. ಹೊರಗಿನ ತೊಗಟೆ ಹಸಿರಾಗಿದ್ದರೂ ಕೊಳೆ ಒಳಗಿಂದ ಮೇಲೆ ಹೋಗಿರಬಹುದು. ಗುಲಾಬಿಯನ್ನು ನಾನು ನೀರಲ್ಲಿ ಇಡೋದೇ ಇಲ್ಲ, ಒದ್ದೆ ಮರಳಲ್ಲಿ ಚುಚ್ಚುತ್ತೇನೆ.

ಹಿತ್ತಲು: ನಾಟಿ ಪನ್ನೀರು ಗುಲಾಬಿ ನಮ್ಮ ಮನೆಯಲ್ಲಿ ನೀರಲ್ಲೇ ಬೇರು ಬಿಟ್ಟಿದೆ ಸರ್. ಬೊಕೆಯ ಗುಲಾಬಿ ಮಾತ್ರ ಪ್ರತಿ ಸಲ ಕಪ್ಪಾಗಿದೆ.

ಬಾಲ್ಕನಿ ಹಸಿರು: ನನ್ನದು ಬೊಕೆಯದೇ! ಕತ್ತರಿಸಿದೆ. ಒಂದರಲ್ಲಿ ಟೀ ಬಣ್ಣ ಮೇಲಿನವರೆಗೂ ಇತ್ತು, ಎಸೆದೆ. ಇನ್ನೊಂದು ಮೂರನೇ ಸಲ ಕತ್ತರಿಸಿದಾಗ ಬಿಳಿ ಬಂತು, ಈಗ ನಾಲ್ಕು ಇಂಚು ಉಳಿದಿದೆ. ಕಪ್ಪಾಗದ ಮೂರನೆಯದರ ಬುಡದಲ್ಲಿ ಸಣ್ಣ ಬಿಳಿ ಗಂಟು ಗಂಟು ಇದೆ, ಒರಟಾಗಿ, ಉಗುರಿಗೂ ಗಟ್ಟಿ. ಮೇಲೆ ಚಿಗುರೂ ಬಂದಿದೆ. ಅಂದ್ರೆ ಬೇರು ಬಂತಾ?

ನರ್ಸರಿ ಕೈ: ಇನ್ನೂ ಇಲ್ಲ. ಆ ಗಂಟು ಕತ್ತರಿಸಿದ ಗಾಯ ಮಾಯುತ್ತಿರೋದು, ನಾವು ಕ್ಯಾಲಸ್ ಅಂತೀವಿ. ಒಳ್ಳೇ ಗುರುತೇ, ಕೀಳಬೇಡಿ. ಚಿಗುರನ್ನು ಮಾತ್ರ ನಂಬಬೇಡಿ, ಕಡ್ಡಿಯೊಳಗಿನ ಉಳಿಕೆಯಿಂದಲೇ ಬರುತ್ತದೆ, ಬೇರಿಲ್ಲದಿದ್ದರೆ ಬಾಡಿಯೂ ಹೋಗುತ್ತದೆ. ಬರೀ ಬುಡದ ಒಂದೂವರೆ ಇಂಚು ಮುಳುಗುವಷ್ಟು ನೀರು ಇಡಿ, ಎರಡು ಮೂರು ದಿನಕ್ಕೊಮ್ಮೆ ಬದಲಿಸಿ. ಇನ್ನೂ ಎರಡು ಮೂರು ವಾರ ಹಿಡಿಯಬಹುದು. ಆ ನಾಲ್ಕು ಇಂಚಿನದನ್ನು ಮರಳಿಗೆ ಚುಚ್ಚಿ ನೋಡಿ.

ಬಾಲ್ಕನಿ ಹಸಿರು: ಮರಳು ಎಲ್ಲಿ ತರಲಿ ಸರ್, ಮೂರನೇ ಮಹಡಿ! ಎದುರಿಗೆ ಕಟ್ಟಡದ ಕೆಲಸ ನಡೀತಿದೆ, ಅವರನ್ನೇ ಒಂದು ಹಿಡಿ ಕೇಳ್ತೇನೆ.

ನರ್ಸರಿ ಕೈ: ಕೇಳಿ. ಸಿಮೆಂಟ್ ಬೆರೆಸದ ರಾಶಿಯಿಂದ ತೆಗೆದುಕೊಳ್ಳಿ, ಎರಡು ಸಲ ತೊಳೆಯಿರಿ.