ಬ್ರೌನ್ ಬ್ರೆಡ್ಡಿನ ಬಣ್ಣ ಗೋಧಿಯದೋ, ಕ್ಯಾರಮೆಲ್‌ನದೋ?

ಪ್ರಶ್ನೆ: ಬ್ರೌನ್ ಬ್ರೆಡ್ ಎಂದರೆ ಪೂರ್ತಿ ಗೋಧಿ ಹಿಟ್ಟಿನದೇ, ಅಥವಾ ಮೈದಾ ಬ್ರೆಡ್ಡಿಗೆ ಕ್ಯಾರಮೆಲ್ ಹಾಕಿ ಬಣ್ಣ ಬರಿಸಿರುತ್ತಾರೆಯೇ? ನಾನು ತರುವ ಪೊಟ್ಟಣದಲ್ಲಿ ‘ಗೋಧಿ ಹಿಟ್ಟು 30%’ ಎಂದಿದೆ. ಉಳಿದ 70 ಮೈದಾ ಎಂದು ತಿಳಿಯಬೇಕೇ?

ಉತ್ತರ (ಬ್ರೆಡ್ ಘಟಕವೊಂದರ ಗುಣಮಟ್ಟ ವಿಭಾಗದಲ್ಲಿರುವವರು): ನಮಸ್ಕಾರ. ಕ್ಯಾರಮೆಲ್ ಹಾಕಿದ ಮೈದಾ ಬ್ರೆಡ್ ಕೂಡ ಬ್ರೌನ್ ಬ್ರೆಡ್ ಎಂಬ ಹೆಸರಿನಲ್ಲಿ ಸಿಗುತ್ತದೆ. ಆದ್ದರಿಂದ ಬಣ್ಣ ನೋಡಿ ಹಿಟ್ಟು ಯಾವುದೆಂದು ಹೇಳಲಾಗದು. ಪೊಟ್ಟಣದ ಪದಾರ್ಥಗಳ ಪಟ್ಟಿಯ ಕೊನೆಯ ಭಾಗದಲ್ಲಿ ‘ಬಣ್ಣ’ ಎಂಬ ಮಾತಿನ ಜೊತೆಗೆ 150 ಎಂಬ ಸಂಖ್ಯೆಯೂ, ಅದಕ್ಕೆ ಹತ್ತಿದಂತೆ ಎ ಇಂದ ಡಿ ವರೆಗಿನ ಒಂದು ಅಕ್ಷರವೂ ಇದ್ದರೆ ಅದು ಕ್ಯಾರಮೆಲ್. ಆದರೆ ಗೋಧಿ ಹಿಟ್ಟು ಸಾಕಷ್ಟಿರುವ ಬ್ರೆಡ್ಡಿಗೂ, ಪ್ರತಿದಿನದ ಬಣ್ಣ ಒಂದೇ ಸಮನಾಗಿರಲೆಂದು, ಕೆಲವರು ಅದನ್ನು ಸೇರಿಸುವುದುಂಟು. ಹೀಗಾಗಿ ಕ್ಯಾರಮೆಲ್ ಕಂಡ ಮಾತ್ರಕ್ಕೆ ಗೋಧಿಯೇ ಇಲ್ಲವೆನ್ನಬೇಡಿ. ಹೆಚ್ಚು ತೂಕ ಹಾಕಿದ್ದೇ ಮೊದಲು ಬರುವುದರಿಂದ ಪಟ್ಟಿಯ ಮೊದಲ ಹೆಸರನ್ನು ನೋಡಿ.

ನಿಮ್ಮ 30ರ ಲೆಕ್ಕ ಬೇರೆ. ಆ ಶೇಕಡಾವಾರು ಹಿಟ್ಟಿನ ಮೇಲಿನದಲ್ಲ, ನೀರೂ ಸೇರಿ ಕಲಸಿದ ಇಡೀ ಕಣಕದ ಮೇಲಿನದು. ಒಂದು ಕಿಲೋ ಹಿಟ್ಟಿಗೆ 650 ಗ್ರಾಂ ನೀರು, ಸಕ್ಕರೆ, ಎಣ್ಣೆ, ಯೀಸ್ಟ್, ಉಪ್ಪು ಎಲ್ಲ ಸೇರಿ 110 ಗ್ರಾಂ ಹಾಕಿದರೆ ಕಣಕ 1,760 ಗ್ರಾಂ ತೂಗುತ್ತದೆ. ಅದರಲ್ಲಿ ಹಿಟ್ಟಿನ ಪಾಲು ಸುಮಾರು 57%. ಎಂದರೆ, ಒಂದು ಚಿಟಿಕೆ ಮೈದಾ ಇಲ್ಲದ ಬ್ರೆಡ್ಡಿನ ಪಟ್ಟಿಯಲ್ಲೂ ಗೋಧಿ ಹಿಟ್ಟು 57ರ ಆಸುಪಾಸಿನಲ್ಲೇ ಇರುತ್ತದೆ. ನಿಮ್ಮದರಲ್ಲಿ ಅದು 30 ಆಗಿದ್ದರೆ, ಇದೇ ಅಳತೆಯಲ್ಲಿ ಉಳಿದ 27 ಮೈದಾ. ಹಿಟ್ಟಿನಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಗೋಧಿ. ಮುಂಬದಿಯಲ್ಲಿ ‘100% ಗೋಧಿ’ ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದರೆ ಅದು ಬಳಸಿದ ಹಿಟ್ಟಿನ ಮಾತು. ಹಿಂಬದಿಯ 57ಕ್ಕೂ ಅದಕ್ಕೂ ವಿರೋಧವಿಲ್ಲ.

ಒಬ್ಬ ಸದಸ್ಯರು: ಇಷ್ಟೆಲ್ಲ ಲೆಕ್ಕ ಯಾಕೆ ಸರ್? ಒಂದು ಚೂರು ಬ್ರೆಡ್ಡನ್ನು ನೀರಿನಲ್ಲಿ ನೆನೆಹಾಕಿದರೆ ಬಣ್ಣ ಬಿಡುತ್ತದೆ, ಕ್ಯಾರಮೆಲ್ ಎಂದು ಗೊತ್ತಾಗುತ್ತದೆ. ಅಲ್ಲದೆ ಮೇಲೆ ಸಣ್ಣ ಚುಕ್ಕೆಗಳು ಕಂಡರೆ ಅದು ಗೋಧಿ ಬ್ರೆಡ್ಡೇ.

ಉತ್ತರ: ಕ್ಯಾರಮೆಲ್ ನೀರಿನಲ್ಲಿ ಕರಗುತ್ತದೆ ಎಂಬುದು ನಿಜ. ಆದರೆ ಬೆಲ್ಲ, ಮಾಲ್ಟ್ ಹಾಕಿದ ಬ್ರೆಡ್ಡೂ ನೀರಿಗೆ ಬಣ್ಣ ಬಿಡಬಲ್ಲದು. ಬಣ್ಣ ಕಡಿಮೆ ಹಾಕಿದ್ದರೆ ನೀರು ತಿಳಿಯಾಗಿಯೇ ಇರಬಹುದು. ಚುಕ್ಕೆಗಳೂ ಅಷ್ಟೇ. ಮೈದಾಕ್ಕೆ ಒಂದೆರಡು ಹಿಡಿ ಗೋಧಿ ಬೂಸಾ ಬೆರೆಸಿದರೂ ಅದೇ ಚುಕ್ಕೆ ಕಾಣುತ್ತದೆ. ಬ್ರೆಡ್ಡಿನ ಮೈ ನೋಡಿದರೆ ಸ್ವಲ್ಪ ಸುಳಿವು ಸಿಗಬಹುದು: ಬೂಸಾದ ಚೂರುಗಳು ಕಣಕದ ಅಂಟಿನ ಎಳೆಗಳನ್ನು ಕತ್ತರಿಸುವುದರಿಂದ ಪೂರ್ತಿ ಗೋಧಿಯ ಬ್ರೆಡ್ ಗಿಡ್ಡವಾಗಿ, ಒತ್ತಾಗಿ ಬರುತ್ತದೆ, ಬೆರಳಿಗೆ ತುಸು ಒರಟು ತಾಗುತ್ತದೆ. ಇದೂ ಖಾತ್ರಿಯಲ್ಲ, ಏಕೆಂದರೆ ಗ್ಲುಟೆನ್ ಎಂಬ ಅದೇ ಅಂಟಿನ ಪುಡಿ ಹಾಕಿ ಅದನ್ನೂ ಉಬ್ಬಿಸಬಹುದು.

ಒಬ್ಬ ಸದಸ್ಯೆ: ನಮ್ಮ ತಾಯಿಗೆ ಸಕ್ಕರೆ ಕಾಯಿಲೆ ಇದೆ. ಬಿಳಿ ಬ್ರೆಡ್ ಬಿಟ್ಟು ಇದನ್ನು ಕೊಡುತ್ತಿದ್ದೇವೆ. ಕ್ಯಾರಮೆಲ್ ಎಂದರೆ ಸುಟ್ಟ ಸಕ್ಕರೆಯಲ್ಲವೇ, ಅದರಿಂದ ಸಕ್ಕರೆ ಏರುತ್ತದೆಯೇ?

ಉತ್ತರ: ಮೇಡಂ, ಬಣ್ಣಕ್ಕೆಂದು ಹಾಕುವ ಕ್ಯಾರಮೆಲ್ ತೀರ ಸ್ವಲ್ಪವಾದ್ದರಿಂದ ಅದರ ಯೋಚನೆ ಬೇಡ. ಯೋಚಿಸಬೇಕಾದದ್ದು ಹಿಟ್ಟಿನ ಬಗ್ಗೆ. ನುಣ್ಣಗೆ ಬೀಸಿದ ಗೋಧಿ ಹಿಟ್ಟಿನ ಬ್ರೆಡ್ ರಕ್ತದ ಸಕ್ಕರೆಯನ್ನು ಏರಿಸುವುದರಲ್ಲಿ ಬಿಳಿ ಬ್ರೆಡ್ಡಿಗಿಂತ ಬಹಳ ಹಿಂದೆ ಬೀಳುವುದಿಲ್ಲ. ನಾರಿನಂಶ ಹೆಚ್ಚಿರುತ್ತದೆ, ಅದು ಒಳ್ಳೆಯದೇ. ಆದರೆ ಬಣ್ಣ ಕಂದಾಯಿತೆಂದು ಇನ್ನೆರಡು ಚೂರು ಹೆಚ್ಚು ತಿನ್ನಲು ಕೊಡಬೇಡಿ. ಅಳತೆಯನ್ನು ವೈದ್ಯರು ಹೇಳಲಿ.

ಮನೆಯಲ್ಲೇ ಬ್ರೆಡ್ ಸುಡುವ ಸದಸ್ಯೆ: ಹಾಗಾದರೆ ಮೈದಾಕ್ಕೆ ಬೂಸಾ ಬೆರೆಸಿ, ನಾರಿನ ಅಂಕಿ ಹೊಂದಿಸಿ ಕೊಟ್ಟರೆ ಅದನ್ನು ಗೋಧಿ ಬ್ರೆಡ್ ಎನ್ನಬಹುದೇ? ನನ್ನ ದೃಷ್ಟಿಯಲ್ಲಿ ಅದು ಮೋಸ.

ಉತ್ತರ: ನಾರಿನ ಲೆಕ್ಕಕ್ಕೆ ಅದು ಸರಿಹೋಗಬಹುದು, ಮೈದಾ ಬೀಸುವಾಗ ಕಳೆದ ಮೊಳಕೆಯ ಭಾಗ ಮಾತ್ರ ಮರಳಿ ಬರುವುದಿಲ್ಲ. ಪಟ್ಟಿಯಲ್ಲಿ ಮೈದಾ, ಬೂಸಾ ಎಂದು ಬಿಡಿಸಿ ಬರೆದಿದ್ದರೆ ಮೋಸವೆನ್ನಲು ನನಗೆ ಮನಸ್ಸು ಬಾರದು. ಇದರಲ್ಲಿ ನಮ್ಮಿಬ್ಬರ ಅಭಿಪ್ರಾಯ ಬೇರೆಯಾಗಿಯೇ ಇರಲಿ.

ಪ್ರಶ್ನೆ ಕೇಳಿದವರು: ಪಟ್ಟಿ ಮತ್ತೆ ನೋಡಿದೆ ಸರ್. ಗೋಧಿ ಹಿಟ್ಟು ಮೊದಲಿದೆ, ಮುಂದಿನದು ಮೈದಾ, ಕೊನೆಗೆ 150ಎ. ಆದರೆ ನಮ್ಮ ಬೀದಿಯ ಅಯ್ಯಂಗಾರ್ ಬೇಕರಿಯ ಬ್ರೆಡ್ಡಿಗೆ ಪಟ್ಟಿಯೇ ಇರುವುದಿಲ್ಲವಲ್ಲ?

ಉತ್ತರ: ಅಲ್ಲಿ ‘ಗೋಧಿ ಹಾಕುತ್ತೀರಾ’ ಎಂದು ಕೇಳಬೇಡಿ, ಎಲ್ಲರೂ ಹೌದೆನ್ನುತ್ತಾರೆ. ಒಂದು ಕಿಲೋ ಹಿಟ್ಟಿಗೆ ಗೋಧಿ ಎಷ್ಟು, ಮೈದಾ ಎಷ್ಟು, ಬಣ್ಣಕ್ಕೆ ಏನು ಹಾಕುತ್ತೀರಿ ಎಂದು ಕೇಳಿ.